ಹಾಟ್‌ಸ್ಪಾಟ್ ಡೇಟಾಕ್ಕೆ ಬೇರೆ ಮಿತಿ

ಅಮೆರಿಕದ ಅನೇಕ ‘ಅನ್‌ಲಿಮಿಟೆಡ್’ ಮೊಬೈಲ್ ಪ್ಲಾನ್‌ಗಳಲ್ಲಿ ಫೋನಿನ ಬಳಕೆಗೆ ಒಂದು ಲೆಕ್ಕ, ಹಾಟ್‌ಸ್ಪಾಟ್ ಮೂಲಕ ಹಂಚುವ ಡೇಟಾಕ್ಕೆ ಇನ್ನೊಂದು ಲೆಕ್ಕ. ಭಾರತದಲ್ಲಿ ಸಾಮಾನ್ಯವಾಗಿ ಎರಡೂ ದಿನದ ಒಂದೇ ಕೋಟಾದಿಂದ ಕಳೆಯುತ್ತವೆ.

ಲ್ಯಾಪ್‌ಟಾಪ್ ಫೋನಿಗಿಂತ ಹೆಚ್ಚು ಡೇಟಾ ಎಳೆಯುತ್ತದೆ. ಟವರಿನ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳುವುದರಿಂದ ಕಂಪನಿಗಳು ಹಾಟ್‌ಸ್ಪಾಟ್‌ಗೆ ಮಿತಿ ಹಾಕುತ್ತವೆ. ಮನೆಯ ಇಂಟರ್‌ನೆಟ್ಟನ್ನು ಪ್ರತ್ಯೇಕವಾಗಿ ಮಾರುವ ಲೆಕ್ಕಾಚಾರವೂ ಇದರಲ್ಲಿದೆ.

ಹಂಚಿದ ಡೇಟಾವನ್ನು ಗುರುತಿಸುವ ಒಂದು ದಾರಿ ಟಿಟಿಎಲ್ ಎಂಬ ಸಂಖ್ಯೆ. ಫೋನಿನದೇ ಡೇಟಾ ಪ್ಯಾಕೆಟ್ ಸಾಮಾನ್ಯವಾಗಿ 64 ಎಂಬ ಅಂಕಿಯೊಂದಿಗೆ ಹೊರಡುತ್ತದೆ. ಮ್ಯಾಕ್ ಲ್ಯಾಪ್‌ಟಾಪಿನ ಪ್ಯಾಕೆಟ್ಟೂ 64ರಿಂದಲೇ ಹೊರಟರೂ, ಫೋನನ್ನು ದಾಟುವಾಗ ಒಂದು ಕಡಿಮೆಯಾಗಿ 63 ಆಗುತ್ತದೆ. ಕೆಲವು ಫೋನ್‌ಗಳು ಹಾಟ್‌ಸ್ಪಾಟ್ ಡೇಟಾವನ್ನು ಪ್ರತ್ಯೇಕ ಸಂಪರ್ಕದಲ್ಲೇ ಕಳಿಸುತ್ತವೆ.

ಮಿತಿ ಮುಗಿದ ಮೇಲೆ ಸಂಪರ್ಕ ಕಡಿಯುವುದಿಲ್ಲ, ವೇಗ ಇಳಿಯುತ್ತದೆ. ಕೆಲವು ಪ್ಲಾನ್‌ಗಳಲ್ಲಿ ಅದು ಸೆಕೆಂಡಿಗೆ 600 ಕಿಲೋಬಿಟ್. ಈ ವೇಗದಲ್ಲಿ 1 ಜಿಬಿ ಫೈಲ್ ಇಳಿಯಲು ಸುಮಾರು 3 ಗಂಟೆ 42 ನಿಮಿಷ ಬೇಕು. ಇಮೇಲ್ ನಡೆಯುತ್ತದೆ, ವಿಡಿಯೋ ಕರೆ ತಡವರಿಸುತ್ತದೆ.

ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಸ್ಪೀಡ್ ಟೆಸ್ಟ್ ಮಾಡಿದರೆ ಕಾರಣ ತಿಳಿಯುತ್ತದೆ. ಫೋನ್ ವೇಗವಾಗಿದ್ದು, ಲ್ಯಾಪ್‌ಟಾಪ್ ಪ್ರತಿ ಸಲವೂ 600ರ ಆಸುಪಾಸಿನಲ್ಲೇ ನಿಂತರೆ ಹಾಟ್‌ಸ್ಪಾಟ್ ಕೋಟಾ ಮುಗಿದಿರುವ ಸಾಧ್ಯತೆ ಹೆಚ್ಚು. ಎರಡೂ ನಿಧಾನವಾಗಿದ್ದರೆ ಟವರಿನ ದಟ್ಟಣೆ ಅಥವಾ ದುರ್ಬಲ ಸಿಗ್ನಲ್ ಕಾರಣವಿರಬಹುದು. ಹೊಸ ಬಿಲ್ಲಿಂಗ್ ಅವಧಿ ಶುರುವಾದಾಗ ಪೂರ್ಣ ವೇಗ ಮರಳುತ್ತದೆ.