ತಂಡ ಬದಲಾಗುತ್ತಿದೆ ಎಂದು ತಿಳಿಸುವ ಮೇಲ್

ತಂಡಗಳ ಪುನರ್‌ರಚನೆಯ ಬಗ್ಗೆ ಕಂಪನಿ ಕಳಿಸುವ ಮೇಲನ್ನು ಉದ್ಯೋಗಿಗಳು ಸಾಲಾಗಿ ಓದುತ್ತಾ ಹೋಗುವುದಿಲ್ಲ. ಕಣ್ಣು ಸೀದಾ ತನ್ನ ತಂಡದ ಹೆಸರು ಎಲ್ಲಿದೆ, ತಾರೀಖು ಯಾವುದು ಎಂದು ಹುಡುಕುತ್ತದೆ. ಅದು ಸಿಗುವವರೆಗೆ ಉಳಿದದ್ದು ತಲೆಗೆ ಹೋಗುವುದಿಲ್ಲ.

2014ರ ಜುಲೈ 17ರಂದು ಮೈಕ್ರೋಸಾಫ್ಟ್‌ನ ಸ್ಟೀಫನ್ ಎಲೊಪ್ ಬರೆದ ಮೇಲ್ ಈ ಕಾರಣಕ್ಕೇ ಕುಖ್ಯಾತವಾಯಿತು. ‘ಹಲೋ ದೇರ್’ ಎಂದು ಶುರುವಾಗುವ ಆ ಪತ್ರ ಫೋನುಗಳು, ಮಾರುಕಟ್ಟೆ, ಮುಂದಿನ ಯೋಜನೆ ಎಂದು ಉದ್ದಕ್ಕೂ ಸಾಗಿ, 12,500 ಜನ ಕೆಲಸ ಕಳೆದುಕೊಳ್ಳುವ ಸಂಗತಿಯನ್ನು ಹೇಳಿದ್ದು ಹನ್ನೊಂದನೆಯ ಪ್ಯಾರಾದಲ್ಲಿ. 2020ರ ಮೇ 5ರಂದು ಏರ್‌ಬಿಎನ್‌ಬಿಯ ಬ್ರಯಾನ್ ಚೆಸ್ಕಿ ಬರೆದ ಪತ್ರದಲ್ಲಿ ಉದ್ಯೋಗ ಕಡಿತದ ಮಾತು ಆರಂಭದಲ್ಲೇ ಬರುತ್ತದೆ. ಸುಮಾರು 7,500 ಜನರಲ್ಲಿ 1,900ರಷ್ಟು ಮಂದಿ ಹೋಗಬೇಕಾಗಿದೆ, ಯಾಕೆ ಹೀಗಾಯಿತು, ಅಮೆರಿಕದಲ್ಲಿರುವವರಿಗೆ 14 ವಾರಗಳ ಮೂಲವೇತನದ ಮೇಲೆ ಸೇವೆಯ ಪ್ರತಿ ವರ್ಷಕ್ಕೆ ಇನ್ನೊಂದು ವಾರದ್ದು ಸಿಗುತ್ತದೆ ಎಂದೆಲ್ಲ ಬಿಡಿಸಿ ಹೇಳಲಾಗಿತ್ತು. ಸುದ್ದಿ ಎರಡರಲ್ಲೂ ಕೆಟ್ಟದ್ದೇ. ಓದುವವರನ್ನು ಎಷ್ಟು ಹೊತ್ತು ಕಾಯಿಸಲಾಯಿತು ಎಂಬುದರಲ್ಲಿ ವ್ಯತ್ಯಾಸವಿದೆ.

ಯಾರ ಕೆಲಸವೂ ಹೋಗದ ಪುನರ್‌ರಚನೆಯಲ್ಲೂ ಓದುವವರ ಅಂಜಿಕೆ ಇದೇ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯನ್ನು ಊಹಿಸಿಕೊಳ್ಳಬಹುದು. 14 ಜನರ ಟೆಕ್ನಿಕಲ್ ಸಪೋರ್ಟ್ ತಂಡ, 8 ಜನರ ಬಿಲ್ಲಿಂಗ್ ಸಪೋರ್ಟ್ ತಂಡ ಜೂನ್ 1ರಿಂದ ಒಂದಾಗಲಿವೆ. ಈಗ ಇಬ್ಬರು ಟೀಮ್ ಲೀಡ್‌ಗಳಿದ್ದಾರೆ, ಆಮೇಲೆ ಬೇಕಾಗುವುದು ಒಬ್ಬರೇ. ಮೇ 4ರಂದು ಹೋಗುವ ಮೇಲ್ ಹೀಗಿರಬಹುದು:

“ವಿಷಯ: ಟೆಕ್ನಿಕಲ್ ಮತ್ತು ಬಿಲ್ಲಿಂಗ್ ಸಪೋರ್ಟ್ ಜೂನ್ 1ರಿಂದ ಒಂದೇ ತಂಡ

ಜೂನ್ 1ರಿಂದ ಈ ಎರಡೂ ತಂಡಗಳು ಒಂದಾಗಲಿವೆ. ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ. ಒಂದೇ ದೂರು ಎರಡು ತಂಡಗಳ ನಡುವೆ ಓಡಾಡಿ, ಗ್ರಾಹಕರು ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತಿತ್ತು. ಅದಕ್ಕಾಗಿ ಈ ಬದಲಾವಣೆ. ಸಂಬಳ, ಕಚೇರಿ, ಈಗಾಗಲೇ ಮಂಜೂರಾದ ರಜೆ ಹಾಗೆಯೇ ಇರುತ್ತವೆ. ಮೇ 31ರವರೆಗಿನ ಕೆಲಸದ ಮೌಲ್ಯಮಾಪನವನ್ನು ಈಗಿನ ಲೀಡ್ ಅವರೇ ಬರೆದಿಟ್ಟು ಹೋಗುತ್ತಾರೆ. ಪಾಳಿ ಇನ್ನೂ ತೀರ್ಮಾನವಾಗಿಲ್ಲ. ಮೇ 8ರಂದು ತಿಳಿಸುತ್ತೇವೆ. ನಾಳೆ, ನಾಡಿದ್ದು ನಿಮ್ಮ ಲೀಡ್ ಒಬ್ಬೊಬ್ಬರೊಂದಿಗೂ ಹದಿನೈದು ನಿಮಿಷ ಮಾತಾಡುತ್ತಾರೆ.”

ಈ ಮೇಲಿನಲ್ಲಿ ‘ಸದ್ಯಕ್ಕೆ’ ಎಂಬ ಪದ ಎಲ್ಲೂ ಇಲ್ಲ. ‘ಸದ್ಯಕ್ಕೆ ಯಾರ ಕೆಲಸವೂ ಹೋಗುವುದಿಲ್ಲ’ ಎಂದು ಬರೆದಿದ್ದರೆ ಅವತ್ತು ಮಧ್ಯಾಹ್ನವೇ ಅರ್ಧ ತಂಡ ಬಯೊಡೇಟಾ ಸರಿಮಾಡಿಕೊಳ್ಳಲು ಕೂರುತ್ತಿತ್ತು. ಹಾಗೆಂದು, ಖಾತ್ರಿಯಿಲ್ಲದಿದ್ದರೂ ಆ ಪದವನ್ನು ಬಿಟ್ಟು ಬರೆಯುವುದು ಸುಳ್ಳಾಗುತ್ತದೆ. ಆಗ ಏನು ತೀರ್ಮಾನವಾಗಿಲ್ಲ, ಯಾವತ್ತು ಆಗುತ್ತದೆ ಎಂದು ನೇರವಾಗಿ ಬರೆಯುವುದೇ ಸರಿ. ಮೌಲ್ಯಮಾಪನದ ಸಾಲನ್ನು ಬಹಳ ಕಡೆ ಮರೆಯುತ್ತಾರೆ. ವರ್ಷದ ನಡುವೆ ಮೇಲಧಿಕಾರಿ ಬದಲಾದರೆ ಹಿಂದಿನ ತಿಂಗಳುಗಳ ದುಡಿಮೆಗೆ ಸಾಕ್ಷಿ ಹೇಳುವವರು ಯಾರು ಎಂಬ ಚಿಂತೆ ಸಂಬಳದ ಚಿಂತೆಗಿಂತ ಸಣ್ಣದೇನಲ್ಲ.

ಪಾಳಿಗೆ ಮೇ 8 ಎಂದು ಗೊತ್ತುಮಾಡಿದ್ದಕ್ಕೆ ಕಾರಣವಿದೆ. ಭಾರತದ ಕಾನೂನಿನಂತೆ, ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವವರ ಪಾಳಿ, ಕೆಲಸದ ಗಂಟೆಯಂಥ ಸೇವಾ ಷರತ್ತುಗಳನ್ನು ಬದಲಿಸಲು ಸಾಮಾನ್ಯವಾಗಿ 21 ದಿನಗಳ ಮುನ್ಸೂಚನೆ ಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಲ್ಲಿದ್ದ ಈ ನಿಯಮ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಮೇ 20ರಂದು ಹೇಳಿ ಜೂನ್ 1ರಿಂದ ರಾತ್ರಿಪಾಳಿಗೆ ಬನ್ನಿ ಎಂದರೆ ಲೆಕ್ಕ ತಪ್ಪುತ್ತದೆ. ಮಕ್ಕಳ ಶಾಲೆ, ಕ್ಯಾಬ್ ವ್ಯವಸ್ಥೆ ನೋಡಿಕೊಳ್ಳುವವರಿಗೂ ಅಷ್ಟು ದಿನ ಬೇಕೇ ಬೇಕು.

ಹುದ್ದೆ ಇಲ್ಲವಾಗುವ ಲೀಡ್‌ಗೆ ಸುದ್ದಿ ಈ ಮೇಲಿನಿಂದ ತಿಳಿಯಕೂಡದು. ಅವರ ಮೇಲಧಿಕಾರಿ ಕನಿಷ್ಠ ಒಂದೆರಡು ದಿನ ಮೊದಲು ಎದುರು ಕೂತು ಮಾತಾಡಿ, ಮುಂದಿನ ಜವಾಬ್ದಾರಿ ಏನು, ತಂಡಕ್ಕೆ ಅದನ್ನು ಯಾವ ಮಾತಿನಲ್ಲಿ ತಿಳಿಸಬೇಕು ಎಂದು ಅವರನ್ನೇ ಕೇಳಬೇಕು. ‘ಹೊಸ ಅವಕಾಶಗಳತ್ತ ಹೊರಟಿದ್ದಾರೆ’ ಎಂಬ ಸವಕಲು ವಾಕ್ಯವನ್ನು ಈಗ ಯಾರೂ ನಂಬುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಸುದ್ದಿ ಸೋರುವುದುಂಟು, ಹೆಚ್ಚಾಗಿ ಯಂತ್ರದಿಂದಲೇ. ಎಚ್‌ಆರ್ ಸಾಫ್ಟ್‌ವೇರಿನಲ್ಲಿ ಯಾರೋ ಭಾನುವಾರ ರಾತ್ರಿ ಹೊಸ ಮ್ಯಾನೇಜರ್ ಹೆಸರು ತುಂಬಿರುತ್ತಾರೆ. ಸೋಮವಾರ ಬೆಳಿಗ್ಗೆ ರಜೆ ಹಾಕಲು ಹೋದವರಿಗೆ ಅನುಮೋದಿಸುವವರ ಜಾಗದಲ್ಲಿ ಬೇರೆ ಹೆಸರು ಕಾಣುತ್ತದೆ. ಹತ್ತು ಗಂಟೆಗೆ ಮೇಲ್ ಬರುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಚರ್ಚೆ ಮುಗಿದಿರುತ್ತದೆ. ಸಾಫ್ಟ್‌ವೇರಿನ ಬದಲಾವಣೆ ಮೇಲ್ ಹೋದ ಮೇಲೆಯೇ ಆಗಬೇಕು.

ಮೇಲ್ ಮುಟ್ಟಿತೋ ಇಲ್ಲವೋ ಎಂಬುದು ಮರುದಿನದ ಪ್ರಶ್ನೆಗಳಿಂದ ತಿಳಿಯುತ್ತದೆ. ಒಂದೇ ಪ್ರಶ್ನೆಯನ್ನು ನಾಲ್ಕೈದು ಜನ ಕೇಳಿದರೆ ಆ ಸಾಲು ಮೇಲಿನಲ್ಲಿ ಇರಲಿಲ್ಲ ಎಂದರ್ಥ. ಉತ್ತರ ಕೇಳಿದವರಿಗಷ್ಟೇ ಅಲ್ಲ, 22 ಜನಕ್ಕೂ ಹೋಗಬೇಕು. ಯಾರೂ ಏನೂ ಕೇಳದಿದ್ದರೆ ಮಾತು ಬೇರೆಲ್ಲೋ ನಡೆಯುತ್ತಿದೆ ಎಂದು ತಿಳಿಯಬಹುದು. ಮೇ 8ಕ್ಕೆ ಪಾಳಿ ತೀರ್ಮಾನವಾಗದೆ ಹೋದರೂ ಅವತ್ತು ಎರಡು ಸಾಲಿನ ಮೇಲ್ ಹೋಗಬೇಕು: ಇನ್ನೂ ಆಗಿಲ್ಲ, ಕಾರಣ ಇದು, ಹೊಸ ತಾರೀಖು ಇದು, ಅಲ್ಲಿಯವರೆಗೆ ಈಗಿನ ಪಾಳಿಯೇ ಮುಂದುವರಿಯುತ್ತದೆ.