ಗಾಚಾ ಆಟದ ಲೆಕ್ಕ: 0.6% ಎಂದರೆ ನಿಜಕ್ಕೂ ಎಷ್ಟು?

ಗೆನ್‌ಶಿನ್ ಇಂಪ್ಯಾಕ್ಟ್ ಆಡುವವರಿಗೆ ಮೂರು ಅಂಕಿಗಳು ಬಾಯಿಪಾಠ. ಒಂದು ಪುಲ್‌ಗೆ ಐದು ಸ್ಟಾರ್ ಪಾತ್ರ ಸಿಗುವ ಮೂಲ ಸಾಧ್ಯತೆ 0.6%. ಖಾತರಿಯನ್ನೂ ಸೇರಿಸಿಕೊಂಡರೆ ಒಟ್ಟು 1.6%. ಎಷ್ಟೇ ದುರದೃಷ್ಟವಿದ್ದರೂ 90 ಪುಲ್‌ಗಳೊಳಗೆ ಒಂದು ಖಚಿತ. ಮೂರೂ ಆಟದ ಒಳಗಿನ ವಿವರಣೆಯಲ್ಲೇ ಇವೆ, ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೂ ಇವನ್ನು ಓದಿದ ಹುಡುಗನಿಗೆ ತನ್ನ 40ನೇ ಪುಲ್‌ನಲ್ಲಿ ಎಷ್ಟು ಅವಕಾಶವಿದೆ, 75ನೆಯದರಲ್ಲಿ ಎಷ್ಟು ಎಂದು ಹೇಳಲು ಬರುವುದಿಲ್ಲ. ಆ ಉತ್ತರ ಎಲ್ಲಿ ಅಡಗಿದೆ ಎಂಬುದನ್ನು ಕ್ಯಾಲ್ಕುಲೇಟರ್ ಹಿಡಿದು ನಾವೇ ಕಂಡುಹಿಡಿಯಬಹುದು.

ಮೊದಲು ಪಿಟಿ ಕೌಂಟರ್ ಏನು ಮಾಡುತ್ತದೆ ಎಂದು ನೋಡೋಣ. ಇದು ಸರ್ವರ್‌ನಲ್ಲಿ ನಿಮ್ಮ ಖಾತೆಯ ಹೆಸರಿನಲ್ಲಿ ಕೂತಿರುವ ಒಂದು ಸಂಖ್ಯೆ, ಅಷ್ಟೆ. ಪ್ರತಿ ಖಾಲಿ ಪುಲ್‌ಗೆ ಒಂದು ಏರುತ್ತದೆ, ಐದು ಸ್ಟಾರ್ ಸಿಕ್ಕ ತಕ್ಷಣ ಸೊನ್ನೆಗೆ ಇಳಿಯುತ್ತದೆ. 89ಕ್ಕೆ ಮುಟ್ಟಿದರೆ ಮುಂದಿನ ಪುಲ್‌ನಲ್ಲಿ ಅದೃಷ್ಟದ ಮಾತೇ ಇಲ್ಲ, ಬಹುಮಾನ ಬಂದೇ ಬರುತ್ತದೆ. ಇದಕ್ಕೆ ಹಾರ್ಡ್ ಪಿಟಿ ಎನ್ನುತ್ತಾರೆ.

ಆಟದಲ್ಲಿ ಇರುವುದು ಹಾರ್ಡ್ ಪಿಟಿ ಮಾತ್ರ ಎಂದುಕೊಳ್ಳಿ. ಒಂದು ಪುಲ್ ಖಾಲಿ ಹೋಗುವ ಸಾಧ್ಯತೆ 0.994. ಸತತ ಎರಡು ಖಾಲಿ ಹೋಗಬೇಕಾದರೆ 0.994 × 0.994. ಹೀಗೆ 89 ಸಲ ಗುಣಿಸಿದರೆ ಸುಮಾರು 0.585 ಬರುತ್ತದೆ. ಅಂದರೆ ನೂರು ಜನರಲ್ಲಿ 58 ಜನ 90ನೇ ಪುಲ್‌ವರೆಗೂ ಹೋಗಲೇಬೇಕು. ಸರಾಸರಿ ಎಷ್ಟು ಪುಲ್ ಬೇಕು ಎಂಬುದಕ್ಕೆ ಸೂತ್ರ ಇದು:

```
(1 - 0.994^90) / 0.006 = 69.7
```

69.7 ಪುಲ್‌ಗೆ ಒಂದು ಎಂದರೆ ಒಟ್ಟು ದರ ಸುಮಾರು 1.43%. ಆಟ ಹೇಳುತ್ತಿರುವುದು 1.6%, ಅಂದರೆ ಸರಾಸರಿ 62.5 ಪುಲ್‌ಗೆ ಒಂದು. ಏಳು ಪುಲ್‌ಗಳ ವ್ಯತ್ಯಾಸವಿದೆ. ಮೂಲ ದರವೂ ನಿಜ, 90ರ ಖಾತರಿಯೂ ನಿಜ, 1.6% ಕೂಡ ನಿಜ ಎಂದಾದರೆ ಹೇಳದೆ ಬಿಟ್ಟ ನಾಲ್ಕನೆಯ ನಿಯಮವೊಂದು ಇರಲೇಬೇಕು.

ಆ ನಿಯಮವನ್ನು ಹೊರಗೆಳೆದವರು ಆಟಗಾರರು. ತಮ್ಮ ಪುಲ್‌ಗಳ ಇತಿಹಾಸವನ್ನು ಒಟ್ಟುಹಾಕಿ, ಎಷ್ಟನೇ ಪುಲ್‌ನಲ್ಲಿ ಬಹುಮಾನ ಬಂತು ಎಂದು ಗುರುತು ಹಾಕುತ್ತಾ ಹೋದಾಗ 73ರವರೆಗೆ ಚಪ್ಪಟೆಯಾಗಿದ್ದ ಗೆರೆ 74ರಿಂದ ಗುಡ್ಡದಂತೆ ಎದ್ದಿತು. 74ನೇ ಪುಲ್‌ನಿಂದ ಪ್ರತಿ ಪುಲ್‌ಗೂ ಸಾಧ್ಯತೆ ಸುಮಾರು ಆರು ಅಂಶ ಏರುತ್ತದೆ: 74ರಲ್ಲಿ 6.6%, 75ರಲ್ಲಿ 12.6%, 76ರಲ್ಲಿ 18.6%. ಇದು ಸಾಫ್ಟ್ ಪಿಟಿ. ಈ ಊಹೆ ಸರಿಯೇ ಎಂದು ಪರೀಕ್ಷಿಸಲು ಒಂದಿಷ್ಟು ಸಾಲಿನ ಪೈಥಾನ್ ಸಾಕು:

```python
alive, total = 1.0, 0.0
for n in range(1, 91):
    q = 0.006 if n < 74 else min(1, 0.006 + 0.06*(n-73))
    total += alive
    alive *= 1 - q
print(total, 1/total)
```

`alive` ಎಂದರೆ ಇನ್ನೂ ಬಹುಮಾನ ಸಿಗದೆ ಉಳಿದವರ ಪಾಲು. ಪ್ರತಿ ಸುತ್ತಿನಲ್ಲೂ ಆ ಪಾಲನ್ನು ಕೂಡಿಸುತ್ತಾ ಹೋದರೆ ಸಿಗುವ ಮೊತ್ತವೇ ಸರಾಸರಿ ಪುಲ್‌ಗಳ ಸಂಖ್ಯೆ. ಉತ್ತರ 62.3 ಬರುತ್ತದೆ, ದರ 1.605%. ಆಟದ ಪುಟದಲ್ಲಿದ್ದ 1.6% ಈಗ ಕೂಡಿಕೊಂಡಿತು.

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. 1.6% ಎಂದು ಓದಿದವರು ಸಹಜವಾಗಿ ಪ್ರತಿ ಪುಲ್‌ಗೂ ಅಷ್ಟು ಅವಕಾಶವಿದೆ ಎಂದುಕೊಳ್ಳುತ್ತಾರೆ. ಹಾಗಿದ್ದಿದ್ದರೆ 73 ಪುಲ್‌ಗಳೊಳಗೆ ನೂರಕ್ಕೆ 69 ಜನರಿಗೆ ಪಾತ್ರ ಸಿಕ್ಕಿರುತ್ತಿತ್ತು. ನಿಜದಲ್ಲಿ ಸಿಗುವುದು ಸುಮಾರು 36 ಜನರಿಗೆ. ಉಳಿದ 64 ಜನ 74ನೇ ಮೆಟ್ಟಿಲು ಹತ್ತಲೇಬೇಕು, ಮತ್ತು ಅವರಲ್ಲಿ ಹೆಚ್ಚಿನವರಿಗೆ ಅಲ್ಲಿಂದ ಕೆಲವೇ ಪುಲ್‌ಗಳಲ್ಲಿ ಸಿಕ್ಕಿಬಿಡುತ್ತದೆ. ಅರ್ಧ ಜನರಿಗಾದರೂ ಸಿಕ್ಕಿತು ಎನ್ನಬೇಕಾದರೆ 76ನೇ ಪುಲ್‌ವರೆಗೆ ಕಾಯಬೇಕು. ಸರಾಸರಿ 62 ಎಂಬ ಅಂಕಿ ಬೇಗ ಸಿಕ್ಕ ಅದೃಷ್ಟವಂತರಿಂದಾಗಿ ಕೆಳಗೆ ಇಳಿದಿದೆ, ಅಷ್ಟೆ. ಇದನ್ನು ತಿಳಿದವನು 30 ಪುಲ್‌ಗೆ ಸಾಕಾಗುವಷ್ಟೇ ಹಣ ಹಾಕಿ ಪಾತ್ರ ಬರುತ್ತದೆಂದು ಕಾಯುವುದಿಲ್ಲ. ತಿಳಿಯದವನು ಕಾಯುತ್ತಾನೆ, ಬಾರದಿದ್ದಾಗ ಇನ್ನೊಂದಿಷ್ಟು ಹಾಕುತ್ತಾನೆ.

ಇನ್ನೊಂದು ಮೆಟ್ಟಿಲಿದೆ. ಬ್ಯಾನರ್‌ನಲ್ಲಿ ತೋರಿಸಿದ ಪಾತ್ರವೇ ಬೇಕು ಎಂದರೆ, 2020ರಲ್ಲಿ ಆಟ ಬಂದಾಗಿನ ನಿಯಮದ ಪ್ರಕಾರ ಮೊದಲ ಐದು ಸ್ಟಾರ್ ಅದೇ ಆಗಿರುವ ಅವಕಾಶ ಅರ್ಧಕ್ಕರ್ಧ. ತಪ್ಪಿದರೆ ಮುಂದಿನದು ಖಚಿತ. (ಈ ಅರ್ಧ ಪಾಲನ್ನು ಮುಂದೆ ಆಟಗಾರರ ಪರವಾಗಿ ಸ್ವಲ್ಪ ಏರಿಸಲಾಯಿತು.) ಮೂಲ ನಿಯಮದಲ್ಲಿ ಸರಾಸರಿ ಒಂದೂವರೆ ಪಟ್ಟು, ಅಂದರೆ 93 ಪುಲ್ ಬೇಕು. ತೀರಾ ಕೆಟ್ಟ ಪರಿಸ್ಥಿತಿಯಲ್ಲಿ 180. ಒಂದು ಪುಲ್‌ಗೆ 160 ಪ್ರಿಮೋಜೆಮ್, ಹಾಗಾಗಿ 180ಕ್ಕೆ 28,800. ಆದರೆ ಹಣ ಕೊಟ್ಟು ಕೊಳ್ಳುವುದು ಪ್ರಿಮೋಜೆಮ್ ಅಲ್ಲ, ಜೆನೆಸಿಸ್ ಕ್ರಿಸ್ಟಲ್. ಅದನ್ನು ಪ್ರಿಮೋಜೆಮ್ ಮಾಡಿ, ಮತ್ತೆ ಅದನ್ನು ಫೇಟ್ ಮಾಡಿ, ಆಮೇಲೆ ಪುಲ್. ಇಷ್ಟು ಬಾಗಿಲು ದಾಟುವಷ್ಟರಲ್ಲಿ ರೂಪಾಯಿ ಲೆಕ್ಕ ತಲೆಯಿಂದ ಜಾರಿರುತ್ತದೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದದ್ದೂ ಇದನ್ನೇ. ಸಾಧ್ಯತೆ ಮತ್ತು ನಿಜವಾದ ಖರ್ಚಿನ ಬಗ್ಗೆ ಆಟಗಾರರನ್ನು ದಾರಿ ತಪ್ಪಿಸಲಾಗಿದೆ ಎಂದು ಅದು ಆರೋಪಿಸಿತು. 2025ರ ಜನವರಿಯಲ್ಲಿ ಗೆನ್‌ಶಿನ್‌ನ ಕಂಪನಿ 2 ಕೋಟಿ ಡಾಲರ್ ಕಟ್ಟಲು, ಪೋಷಕರ ಒಪ್ಪಿಗೆಯಿಲ್ಲದೆ 16ರ ಒಳಗಿನವರಿಗೆ ಇಂಥ ಲೂಟ್ ಬಾಕ್ಸ್ ಮಾರದಿರಲು ಒಪ್ಪಿಕೊಂಡಿತು.

ಆದರೆ ಗೆನ್‌ಶಿನ್‌ನಲ್ಲಿ ಪ್ರಕಟಿಸಿದ ಅಂಕಿಗಳಾದರೂ ಲೆಕ್ಕಕ್ಕೆ ಕೂಡಿಕೊಳ್ಳುತ್ತವೆ. ಅದಕ್ಕಿಂತ ಕೆಟ್ಟದ್ದು ಆಗಿದ್ದು ದಕ್ಷಿಣ ಕೊರಿಯಾದಲ್ಲಿ. ಮೇಪಲ್‌ಸ್ಟೋರಿ ಆಟದ ಕ್ಯೂಬ್ ಎಂಬ ವಸ್ತುವಿನಲ್ಲಿ ಜನಪ್ರಿಯ ಆಯ್ಕೆಗಳ ಸಾಧ್ಯತೆಯನ್ನು ಯಾರಿಗೂ ಹೇಳದೆ ತಗ್ಗಿಸಲಾಗಿತ್ತು, ಕೆಲವು ಜೋಡಣೆಗಳು ಸೊನ್ನೆಗೇ ಇಳಿದಿದ್ದವು. ಸಿಗಲು ಸಾಧ್ಯವೇ ಇಲ್ಲದ್ದಕ್ಕೆ ಜನ ವರ್ಷಗಟ್ಟಲೆ ಹಣ ಸುರಿದರು. 2024ರ ಜನವರಿಯಲ್ಲಿ ಅಲ್ಲಿನ ಸ್ಪರ್ಧಾ ಆಯೋಗ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಅದೇ ವರ್ಷದ ಮಾರ್ಚ್‌ನಿಂದ ಸಾಧ್ಯತೆಗಳನ್ನು ಪ್ರಕಟಿಸುವುದು ಕಾನೂನಿನ ಕಡ್ಡಾಯವಾಯಿತು.

ಆಟ ಕಟ್ಟುವವರು ಇಲ್ಲಿ ಎಚ್ಚರ ವಹಿಸಬೇಕಾದ್ದು ಪ್ರಕಟಿಸಿದ ಅಂಕಿಗೂ ಸರ್ವರ್‌ನಲ್ಲಿ ಓಡುವ ಕೋಡ್‌ಗೂ ಅಂತರ ಬೀಳದಂತೆ. ವಿವರಣೆಯ ಪುಟದಲ್ಲಿ ಅಂಕಿಯನ್ನು ಕೈಯಿಂದ ಬರೆದಿಟ್ಟರೆ, ಮುಂದಿನ ಅಪ್‌ಡೇಟ್‌ನಲ್ಲಿ ಕೋಡ್ ಬದಲಾಗಿ ಪುಟ ಹಳೆಯದಾಗಿಯೇ ಉಳಿಯುತ್ತದೆ. ಎರಡೂ ಒಂದೇ ಫೈಲಿನಿಂದ ಓದುವಂತಿರಬೇಕು. ಬ್ಯಾನರ್ ಬದಲಾದಾಗ ಕೌಂಟರ್ ಉಳಿಯುತ್ತದೋ ಅಳಿಯುತ್ತದೋ ಎಂಬುದನ್ನು ಪುಲ್ ಗುಂಡಿಯ ಪಕ್ಕದಲ್ಲೇ ಹೇಳಬೇಕು, ಏಕೆಂದರೆ 70ಕ್ಕೆ ತಲುಪಿದ ಕೌಂಟರ್ ಅಳಿಯುವುದೆಂದರೆ ಕೊಟ್ಟ ಹಣವೇ ಅಳಿದಂತೆ. ನಡೆದ ಪುಲ್‌ಗಳ ದಾಖಲೆಯನ್ನು ತಪಾಸಣೆ ಮಾಡುವಾಗ ಒಟ್ಟು ದರ 1.6% ಬಂತು ಎಂದು ತೃಪ್ತಿಪಡಬಾರದು. ತಪ್ಪು ಗೆರೆಯಿಂದಲೂ ಸರಿಯಾದ ಸರಾಸರಿ ಬರಬಹುದು. ಒಂದರಿಂದ 90ರವರೆಗೆ ಪ್ರತಿ ಸ್ಥಾನದಲ್ಲಿ ಎಷ್ಟು ಜನರಿಗೆ ಸಿಕ್ಕಿತು ಎಂಬುದನ್ನು ಲೆಕ್ಕದ ಗೆರೆಯ ಪಕ್ಕ ಇಟ್ಟು ನೋಡಬೇಕು. 0.6% ಎಂಬ ಸಣ್ಣ ದರವನ್ನೇ ಪರೀಕ್ಷಿಸಲು ಹೊರಟರೆ ಒಂದು ಲಕ್ಷ ಪುಲ್ ನೋಡಿದರೂ 0.55ರಿಂದ 0.65ರವರೆಗಿನ ಅಲುಗಾಟ ಸಹಜ. ಸಾವಿರ ಪುಲ್ ನೋಡಿ ಮೋಸ ಎನ್ನುವುದಕ್ಕೂ ಆಗದು, ಸರಿ ಎನ್ನುವುದಕ್ಕೂ ಆಗದು.

ಪುಲ್ ಗುಂಡಿಯ ಮೇಲೆ ಬರೆಯಬೇಕಾದ್ದು ನನ್ನ ಪ್ರಕಾರ ಇಷ್ಟು: ನಿಮ್ಮ ಕೌಂಟರ್ 52ರಲ್ಲಿದೆ, ಈ ಪುಲ್‌ನ ಸಾಧ್ಯತೆ 0.6%, 74ರಿಂದ ಏರುತ್ತದೆ, ಅರ್ಧ ಜನರಿಗೆ 76ರೊಳಗೆ ಸಿಗುತ್ತದೆ, ಬೇಕಾದ ಪಾತ್ರಕ್ಕೆ ಹೆಚ್ಚೆಂದರೆ ಇಷ್ಟು ರೂಪಾಯಿ. ಈ ಅಂಕಿಗಳೆಲ್ಲ ಸರ್ವರ್‌ಗೆ ಆಗಲೇ ಗೊತ್ತಿರುವಂಥವು. ನಿಮ್ಮ ಮನೆಯ ಮಕ್ಕಳು ಇಂಥ ಆಟಕ್ಕೆ ಹಣ ಕೇಳಿದರೆ, ಕೊಡುವ ಮುನ್ನ ಆ ಕೊನೆಯ ರೂಪಾಯಿ ಅಂಕಿಯನ್ನು ಅವರ ಜೊತೆ ಕೂತು ಕಾಗದದ ಮೇಲೆ ಹಾಕಿ ನೋಡಿ.