ಮಗುವಿಗೆ ಜ್ವರ: ಫೋನಿನಲ್ಲಿ ಡಾಕ್ಟರಿಗೆ ಏನು ಹೇಳಬೇಕು?

“ಡಾಕ್ಟ್ರೇ, ಮಗೂಗೆ ಮೂರ್ನಾಲ್ಕು ದಿನದಿಂದ ಜ್ವರ. ಔಷಧಿ ಹಾಕ್ತಾನೇ ಇದೀವಿ, ಇಳೀತಾನೇ ಇಲ್ಲ. ಏನೂ ತಿಂತಿಲ್ಲ.”

ಫೋನಿನಲ್ಲಿ ಮಕ್ಕಳ ಡಾಕ್ಟರನ್ನು ಕೇಳುವಾಗ ಮಾತು ಹೀಗೆ ಶುರುವಾಗುವುದು ಸಾಮಾನ್ಯ. ಇದರಲ್ಲಿ ಸುಳ್ಳಿಲ್ಲ, ಆತಂಕವೂ ನಿಜವಾದದ್ದೇ. ಆದರೆ ಈ ಮೂರು ಮಾತಿನಿಂದ ಡಾಕ್ಟರು ಏನನ್ನೂ ತೀರ್ಮಾನಿಸಲು ಬರುವುದಿಲ್ಲ. ಕ್ಲಿನಿಕ್ಕಿಗೆ ಹೋಗಿದ್ದರೆ ಅವರು ಮಗುವನ್ನು ತೂಗುತ್ತಿದ್ದರು, ಹೊಟ್ಟೆ ಮುಟ್ಟುತ್ತಿದ್ದರು, ಎದೆಗೆ ಸ್ಟೆತಸ್ಕೋಪ್ ಇಡುತ್ತಿದ್ದರು. ಫೋನಿನಲ್ಲಿ ಅದರ ಒಂದಷ್ಟನ್ನು ಮನೆಯವರೇ ನೋಡಿ, ಎಣಿಸಿ, ಓದಿ ಹೇಳಬೇಕಾಗುತ್ತದೆ. ಹೊಟ್ಟೆ ಮುಟ್ಟಿ ನೋಡುವುದು ಮಾತ್ರ ಯಾವ ಫೋನಿನಿಂದಲೂ ಆಗದು.

ಕರೆ ಮಾಡುತ್ತಾ ಕೂರಬಾರದ ಸಂದರ್ಭಗಳನ್ನು ಮೊದಲೇ ಹೇಳಿಬಿಡಬೇಕು. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಅಥವಾ ಹೆಚ್ಚು ಜ್ವರ ಬಂದರೆ ನೇರ ಆಸ್ಪತ್ರೆಗೆ. ಯಾವ ವಯಸ್ಸಿನ ಮಗುವೇ ಆಗಲಿ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ತುಟಿ ನೀಲಿಗಟ್ಟಿದರೆ, ಉಸಿರೆಳೆಯಲು ಒದ್ದಾಡುತ್ತಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ವಿಡಿಯೊ ಲಿಂಕಿಗೆ ಕಾಯದೆ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ.

ಇನ್ನು ಆ ತಾಯಿಯ ಮಾತಿಗೆ ಬರೋಣ. ಉದಾಹರಣೆಗೆ, ಮಗು ನಾಲ್ಕು ವರ್ಷದ ಹುಡುಗಿ, ಊರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ, ಕರೆ ಮಾಡಿದ್ದು ಗುರುವಾರ ಬೆಳಿಗ್ಗೆ ಎಂದುಕೊಳ್ಳಿ.

ಡಾಕ್ಟರ ಮೊದಲ ಪ್ರಶ್ನೆ: “ಮೊದಲ ಸಲ ಮೈ ಬಿಸಿಯಾಗಿದ್ದು ಯಾವತ್ತು, ಎಷ್ಟು ಹೊತ್ತಿಗಮ್ಮ?” ತಾಯಿ ಯೋಚಿಸಿ ಹೇಳುತ್ತಾಳೆ, “ಸೋಮವಾರ ರಾತ್ರಿ ಊಟದ ಹೊತ್ತಿಗೆ ಸರ್, ಒಂಬತ್ತಿರಬಹುದು.” ಸೋಮವಾರದಿಂದ ಗುರುವಾರದವರೆಗೆ ಬೆರಳು ಮಡಚಿದರೆ ನಾಲ್ಕು ದಿನ. ಗಂಟೆಯ ಲೆಕ್ಕದಲ್ಲಿ ಮೂರನೆಯ ದಿನ ಈಗಿನ್ನೂ ನಡೆಯುತ್ತಿದೆ. ಮಳೆಗಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಡೆಂಗಿಯ ಎನ್‌ಎಸ್1 ಪರೀಕ್ಷೆ ಸರಿಯಾಗಿ ಹಿಡಿಯುವುದು ಜ್ವರದ ಮೊದಲ ದಿನಗಳಲ್ಲಿ. ಐದು ದಿನ ದಾಟಿದ ಮೇಲೆ ಬೇರೆ ಪರೀಕ್ಷೆ ಬೇಕಾಗುತ್ತದೆ. ಡೆಂಗಿಯಲ್ಲಿ ಅಪಾಯ ಕಾಣಿಸಿಕೊಳ್ಳುವುದೂ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ಆದ್ದರಿಂದ “ಮೂರ್ನಾಲ್ಕು ದಿನ” ಎನ್ನುವ ಬದಲು “ಸೋಮವಾರ ರಾತ್ರಿ ಒಂಬತ್ತರಿಂದ” ಎಂದರೆ ಡಾಕ್ಟರು ಯಾವ ಪರೀಕ್ಷೆ, ಯಾವತ್ತು ಎಂಬುದನ್ನು ಅಲ್ಲೇ ಯೋಚಿಸಬಲ್ಲರು.

ಜ್ವರ ಎಷ್ಟು ಎಂಬ ಪ್ರಶ್ನೆಗೆ “ಮೈ ಕಾದ ಹೆಂಚಾಗಿದೆ” ಎಂದರೆ ಸಾಲದು. ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ಕಂಕುಳ ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ಬೀಪ್ ಎನ್ನುವ ತನಕ ತೋಳನ್ನು ಒತ್ತಿ ಹಿಡಿಯಬೇಕು. ಕಂಡ ಅಂಕಿಯನ್ನು ಕಂಡಂತೆಯೇ ಹೇಳಿ, ಕಂಕುಳಲ್ಲಿ ನೋಡಿದ್ದು ಎಂದೂ ಹೇಳಿ. ಕಂಕುಳದ್ದಕ್ಕೆ ಒಂದು ಡಿಗ್ರಿ ಸೇರಿಸಬೇಕೆಂದು ಮನೆಯವರೂ ಸೇರಿಸಿ, ಡಾಕ್ಟರೂ ಸೇರಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಅಂಕಿಯ ಪಕ್ಕದಲ್ಲಿ ಹೊತ್ತನ್ನೂ, ಅದಕ್ಕೆ ಮುಂಚೆ ಔಷಧಿ ಹಾಕಿದ್ದು ಯಾವಾಗ ಎಂಬುದನ್ನೂ ಬರೆದಿಡಿ. ಔಷಧಿ ಹಾಕಿ ಒಂದು ಗಂಟೆಗೆ ನೋಡಿದ 101 ಬೇರೆ, ಆರು ಗಂಟೆ ಕಳೆದ ಮೇಲೆ ನೋಡಿದ 101 ಬೇರೆ.

ಈಗ ಕರೆಯ ಮುಖ್ಯ ಭಾಗ. “ಔಷಧಿ ಎಷ್ಟು ಹಾಕಿದ್ರಿ?” “ಐದು ಎಂಎಲ್ ಸರ್, ದಿನಕ್ಕೆ ಮೂರು ಸಲ.” “ಬಾಟಲಿ ಕೈಲಿದೆಯಾ? ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ.” ತಾಯಿ ಕಿಟಕಿ ಹತ್ತಿರ ಹೋಗಿ ಓದುತ್ತಾಳೆ: ಪ್ಯಾರಾಸಿಟಮಾಲ್, ಪ್ರತಿ 5 ಎಂಎಲ್‌ಗೆ 120 ಎಂಜಿ.

ಜ್ವರದ ಸಿರಪ್ಪು ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಒಂದೇ ಗಟ್ಟಿಯಲ್ಲಿ ಸಿಗುವುದಿಲ್ಲ. 5 ಎಂಎಲ್‌ಗೆ 120 ಎಂಜಿ ಇರುವುದೂ ಇದೆ, 250 ಎಂಜಿ ಇರುವುದೂ ಇದೆ. ಕೂಸುಗಳಿಗೆಂದು ಬರುವ ಹನಿಗಳಲ್ಲಿ ಒಂದೇ ಎಂಎಲ್‌ಗೆ 100 ಎಂಜಿ ಇರುತ್ತದೆ. ಮಗುವಿಗೆ ಬೇಕಾದ ಪ್ರಮಾಣ ನಿರ್ಧಾರವಾಗುವುದು ತೂಕದಿಂದ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಎಂಜಿ. ಈ ಹುಡುಗಿ 14 ಕಿಲೋ ಇದ್ದಾಳೆ, ಅಂದರೆ ಅವಳಿಗೆ ಬೇಕಿದ್ದದ್ದು 140ರಿಂದ 210 ಎಂಜಿ. ಬಿದ್ದದ್ದು 120. ಜ್ವರ ಇಳಿಯಲಿಲ್ಲ ಎಂಬ ದೂರಿನ ಅರ್ಧ ಉತ್ತರ ಆ ಬಾಟಲಿಯ ಮೇಲೇ ಇತ್ತು. ಮನೆಯಲ್ಲಿದ್ದದ್ದು 250ರ ಬಾಟಲಿಯಾಗಿದ್ದರೆ ಅದೇ ಐದು ಎಂಎಲ್ ಹೆಚ್ಚಾಗುತ್ತಿತ್ತು. ಡಾಕ್ಟರು ಎಂಟು ಎಂಎಲ್‌ಗೆ ಏರಿಸಿ, ಎರಡು ಸಲದ ನಡುವೆ ಆರು ಗಂಟೆಯಾದರೂ ಇರಲಿ, ದಿನಕ್ಕೆ ನಾಲ್ಕು ಸಲ ಮೀರುವುದು ಬೇಡ ಎಂದರು. ಈ ಲೆಕ್ಕವನ್ನು ಓದಿ ಯಾರೂ ತಾವೇ ಔಷಧಿ ಹೆಚ್ಚಿಸಬೇಡಿ. ಪ್ರಮಾಣ ಹೇಳುವುದು ಡಾಕ್ಟರ ಕೆಲಸ. ತೂಕ, ಬಾಟಲಿಯ ಬರಹ, ಹಾಕಿದ ಎಂಎಲ್ ಮತ್ತು ಹೊತ್ತು ಇವಿಷ್ಟನ್ನು ಅವರಿಗೆ ಒದಗಿಸುವುದು ಮನೆಯವರ ಕೆಲಸ.

ಹಾಗಾಗಿ ಕರೆಗೆ ಮುಂಚೆ ಮನೆಯಲ್ಲಿ ಈಚೆಗೆ ಕೊಟ್ಟ ಎಲ್ಲ ಬಾಟಲಿಗಳನ್ನೂ ಮೇಜಿನ ಮೇಲೆ ತಂದಿಡಿ, ನೆಗಡಿಯ ಸಿರಪ್ಪನ್ನೂ ಬಿಡಬೇಡಿ. ಕೆಲವು ನೆಗಡಿ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಹಾಕಿದರೆ ಒಂದೇ ಔಷಧಿ ಎರಡು ಪಾಲು ಬಿದ್ದಂತೆ. ಜ್ವರಕ್ಕೆಂದೇ ಸಿಗುವ ಕೆಲವು ಸಿರಪ್ಪುಗಳಲ್ಲಿ ಐಬುಪ್ರೊಫೆನ್ ಅಥವಾ ಮೆಫೆನಮಿಕ್ ಆಸಿಡ್ ಸೇರಿರುತ್ತದೆ. ಡೆಂಗಿಯ ಅನುಮಾನ ಇರುವಾಗ ರಕ್ತಸ್ರಾವದ ಭಯದಿಂದ ಡಾಕ್ಟರುಗಳು ಇವನ್ನು ಬೇಡ ಎನ್ನುತ್ತಾರೆ. ಓದಲು ಕಷ್ಟವಾದರೆ ಲೇಬಲ್ಲಿನ ಫೋಟೊ ತೆಗೆದು ಕಳಿಸಿ. ಮಗುವಿಗೆ ಯಾವುದಾದರೂ ಔಷಧಿ ಆಗಿಬರುವುದಿಲ್ಲ ಎಂದಿದ್ದರೆ ಅದನ್ನು ಅವರು ಕೇಳುವ ಮುಂಚೆಯೇ ಹೇಳಬೇಕು.

“ಏನೂ ತಿಂತಿಲ್ಲ” ಎಂಬುದು ತಾಯಂದಿರನ್ನು ಬಹಳ ಕಾಡುವ ಸಂಗತಿ. ಆದರೆ ಜ್ವರದ ಮಗು ಎರಡು ದಿನ ಅನ್ನ ಬಿಟ್ಟರೆ ಡಾಕ್ಟರು ಅಷ್ಟು ಗಾಬರಿಯಾಗುವುದಿಲ್ಲ. ಅವರು ಕೇಳುವುದು ನೀರಿನ ಲೆಕ್ಕ. ನೀರು, ಗಂಜಿ, ಎಳನೀರು, ಹಾಲು ಎಲ್ಲ ಸೇರಿ ನಿನ್ನೆಯಿಂದ ಎಷ್ಟು ಲೋಟ ಹೋಗಿದೆ, ಕೊನೆಯ ಸಲ ಸುಸ್ಸು ಮಾಡಿದ್ದು ಯಾವಾಗ? ಏಳೆಂಟು ಗಂಟೆಯಿಂದ ಮಾಡಿಲ್ಲ ಎಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಈ ಹುಡುಗಿಯ ವಿಷಯದಲ್ಲಿ ತಾಯಿಗೆ ಇದು ಗೊತ್ತಿರಲಿಲ್ಲ. ಹಿಂದಿನಿಂದ ಅಜ್ಜಿ, “ಬೆಳಿಗ್ಗೆ ಆರಕ್ಕೆ ನಾನೇ ಕರ್ಕೊಂಡು ಹೋಗಿದ್ದೆ” ಎಂದರು. ಕರೆಯಲ್ಲಿ ಮಗುವಿನ ಜೊತೆಗಿದ್ದವರು ಇರಲೇಬೇಕು ಎನ್ನುವುದು ಇದಕ್ಕೇ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಅಪ್ಪ ಅಲ್ಲಿಂದ ಡಾಕ್ಟರಿಗೆ ಫೋನ್ ಮಾಡಿ, ಮನೆಯಲ್ಲಿ ಕೇಳಿದ್ದನ್ನು ದಾಟಿಸುತ್ತಾ ಹೋದರೆ ಅರ್ಧ ವಿವರ ದಾರಿಯಲ್ಲೇ ಕಳೆದುಹೋಗುತ್ತದೆ. ಅವರೂ ಸೇರಬೇಕಿದ್ದರೆ ಮೂವರೂ ಒಂದೇ ಕರೆಯಲ್ಲಿ ಇರಲಿ, ಮಾತು ಮಾತ್ರ ಮಗುವಿನ ಪಕ್ಕದಲ್ಲಿರುವವರದು. ದೇಶದ ಟೆಲಿಮೆಡಿಸಿನ್ ನಿಯಮಗಳೂ (2020ರ ಮಾರ್ಚ್ 25ರಂದು ಬಂದವು) ಮಗುವಿನ ಸಮಾಲೋಚನೆಯಲ್ಲಿ ಗುರುತು ತಿಳಿಸಿದ ದೊಡ್ಡವರೊಬ್ಬರು ಜೊತೆಗಿರಬೇಕು ಎನ್ನುತ್ತವೆ. ಸರ್ಕಾರದ ಉಚಿತ ಇ-ಸಂಜೀವಿನಿ ಸೇವೆ ಬಳಸುವವರೂ ಮೊಬೈಲ್ ನಂಬರಿನಿಂದ ನೋಂದಾಯಿಸುವ ಮುಂಚೆಯೇ ಇದನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.

ಕೆಮ್ಮು ಇದ್ದರೆ ಉಸಿರನ್ನೂ ಎಣಿಸಿಡಿ. ಮಗು ಮಲಗಿರುವಾಗ ಅಥವಾ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಎಷ್ಟು ಸಲ ಏರಿತು ಎಂದು ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ನೋಡಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಒಂದರಿಂದ ಐದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚಾದರೆ, ಎರಡು ತಿಂಗಳಿಂದ ಒಂದು ವರ್ಷದ ಕೂಸಿಗೆ 50 ಅಥವಾ ಹೆಚ್ಚಾದರೆ ಅದು ವೇಗದ ಉಸಿರು. ಜ್ವರ ಏರಿದಾಗಲೂ ಉಸಿರು ವೇಗವಾಗುತ್ತದೆ, ಆದ್ದರಿಂದ ಇಳಿದಾಗ ಇನ್ನೊಮ್ಮೆ ಎಣಿಸಿ.

ವಿಡಿಯೊ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯೇ ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಡಾಕ್ಟರೇ ನೋಡುವುದು ಲೇಸು, ಏಕೆಂದರೆ ಗುಳಿ ಬೀಳುತ್ತಿದ್ದರೆ ಅವರು ಹೇಳುವುದು ಒಂದೇ, ಆಸ್ಪತ್ರೆಗೆ ಹೊರಡಿ. ಮಗುವಿನ ಮುಖ ಕಿಟಕಿಯ ಕಡೆಗಿರಲಿ, ಬೆಳಕು ಹಿಂದಿನಿಂದ ಬಂದರೆ ಮಗು ಕಪ್ಪು ನೆರಳಾಗಿ ಕಾಣುತ್ತದೆ. ಎದೆ ಹೊಟ್ಟೆ ಎರಡೂ ಕಾಣುವಷ್ಟು ದೂರದಿಂದ ಫೋನನ್ನು ಅಲುಗಾಡಿಸದೆ ಅರ್ಧ ನಿಮಿಷ ಹಿಡಿಯಿರಿ. ನೆಟ್‌ವರ್ಕ್ ಸಿಕ್ಕಿ ಸಿಗದ ಊರಾದರೆ ಇದನ್ನು ಮೊದಲೇ ರೆಕಾರ್ಡ್ ಮಾಡಿ ಕಳಿಸಿ, ನಿಂತು ನಿಂತು ಓಡುವ ಚಿತ್ರದಲ್ಲಿ ಉಸಿರು ಎಣಿಸಲು ಆಗುವುದಿಲ್ಲ. ಮೈಮೇಲೆ ಗುಳ್ಳೆ, ಚುಕ್ಕೆ ಇದ್ದರೆ ಹಗಲು ಬೆಳಕಿನಲ್ಲಿ ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೊ. ಪಾರದರ್ಶಕ ಗಾಜಿನ ಲೋಟ ಒತ್ತಿದಾಗ ಚುಕ್ಕೆ ಮಾಯವಾಗುತ್ತದೆಯೇ ನೋಡಿ. ಮಾಯವಾಗದಿದ್ದರೆ ಅದು ಚರ್ಮದೊಳಗೆ ರಕ್ತ ಒಸರಿರುವ ಗುರುತಿರಬಹುದು, ಆಗ ಕರೆ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: “ಜ್ವರ ಇಳಿದಾಗ ಹೇಗಿರ್ತಾಳೆ?” ಜ್ವರ ಇದ್ದಾಗ ಎಲ್ಲ ಮಕ್ಕಳೂ ಬಾಡುತ್ತಾರೆ. ಇಳಿದ ಒಂದೆರಡು ಗಂಟೆಯಲ್ಲಿ ಎದ್ದು ಕೂತು ಆಟದ ಸಾಮಾನು ಕೇಳಿದಳೇ, ಆಗಲೂ ಕಣ್ಣು ಬಿಡದೆ ಮಲಗಿದ್ದಳೇ ಎಂಬುದು ಥರ್ಮಾಮೀಟರಿನ ಅಂಕಿಗಿಂತ ಎಷ್ಟೋ ಹೆಚ್ಚು ತಿಳಿಸುತ್ತದೆ.

ಕರೆ ಇಡುವ ಮುಂಚೆ ಔಷಧಿಯ ಹೆಸರು, ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ ಎಂಬುದನ್ನು ಡಾಕ್ಟರಿಗೇ ತಿರುಗಿ ಹೇಳಿ ಒಪ್ಪಿಸಿ. ಫೋನಿನಲ್ಲಿ ಹದಿನಾರು ಹದಿನೇಳರಂತೆ ಕೇಳುವುದುಂಟು. “ಕರೆದುಕೊಂಡು ಬನ್ನಿ, ನೋಡಿಯೇ ಹೇಳಬೇಕು” ಎಂದರೆ ಹಣ ಕೊಟ್ಟ ಕರೆ ದಂಡವಾಯಿತು ಎಂದು ಬೇಸರಿಸಬೇಡಿ. ಆ ನಿಯಮಗಳ ಪ್ರಕಾರ ಹಾಗೆ ಹೇಳುವುದು ಡಾಕ್ಟರ ಹಕ್ಕು, ಎಷ್ಟೋ ಸಲ ಅದೇ ಸರಿಯಾದ ಸಲಹೆ.

ಯಾವಾಗ ಮತ್ತೆ ಕರೆ ಮಾಡಬೇಕು ಎಂದು ತಾಯಿ ಕೇಳಿದಾಗ ಡಾಕ್ಟರು ಕೊಟ್ಟ ಉತ್ತರ ಹೀಗಿತ್ತು: “ಇವತ್ತೇ ರಕ್ತ ಕೊಟ್ಟು ಬನ್ನಿ, ರಿಪೋರ್ಟ್ ಫೋಟೊ ಸಂಜೆ ಕಳಿಸಿ. ನಾಳೆ ನಾಡಿದ್ದು ಜ್ವರ ಇಳಿದ್ರೂ ಬರೆಯೋದು ನಿಲ್ಲಿಸ್ಬೇಡಿ. ಜ್ವರ ಬಿಟ್ಟ ಮೇಲೆ ಹೊಟ್ಟೆ ನೋವು ಅಂದ್ರೆ, ಪದೇ ಪದೇ ವಾಂತಿ ಆದ್ರೆ, ವಸಡಲ್ಲಿ ಮೂಗಲ್ಲಿ ರಕ್ತ ಕಂಡ್ರೆ, ಕೈಕಾಲು ತಣ್ಣಗಾಗಿ ಮಂಕಾದ್ರೆ ನನಗೆ ಫೋನ್ ಮಾಡ್ತಾ ಕೂರ್ಬೇಡಿ, ಹಾಸನಕ್ಕೆ ಕರ್ಕೊಂಡು ಹೊರಡಿ.”